ಹುಟ್ಟಿದಾಗ ‘ಪಾಸ್’ ಆದ ಕಿವಿಗೆ ಮತ್ತೆ ತಪಾಸಣೆ ಕೇಳುವ ಹಕ್ಕು

ಡೌನ್ ಸಿಂಡ್ರೋಮ್ ಇರುವ ಅಥವಾ ಅಂಗುಳ ಸೀಳಿರುವ ಮಗುವಿನ ಕಿವಿಯ ಬಗ್ಗೆ ಕೇಳಿದರೆ, ‘ಹುಟ್ಟಿದಾಗಲೇ ಟೆಸ್ಟ್ ಆಗಿದೆ, ಪಾಸ್ ಅಂತ ಬರೆದಿದ್ದಾರೆ’ ಎಂದು ಹಲವು ತಂದೆತಾಯಿ ಹೇಳುತ್ತಾರೆ. ಆ ಚೀಟಿ ಹೇಳುವುದು ಆ ದಿನದ ಸಂಗತಿಯನ್ನು ಮಾತ್ರ. ಈ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ದ್ರವ ತುಂಬಿಕೊಳ್ಳುವುದು ಬಹುಪಾಲು ಆಮೇಲೆ. ಮೂಗಿನ ಹಿಂಭಾಗದಿಂದ ಕಿವಿಗೆ ಗಾಳಿ ಒಯ್ಯುವ ನಾಳವನ್ನು ತೆರೆಯುವುದು ಅಂಗುಳದ ಒಂದು ಸ್ನಾಯು. ಅಂಗುಳ ಸೀಳಿದ್ದರೆ ಅದಕ್ಕೆ ಸರಿಯಾದ ಹಿಡಿತವಿರುವುದಿಲ್ಲ. ಶಸ್ತ್ರಚಿಕಿತ್ಸೆಯಾದ ಮೇಲೂ ತೊಂದರೆ ವರ್ಷಗಟ್ಟಲೆ ಉಳಿಯಬಹುದು. ಡೌನ್ ಸಿಂಡ್ರೋಮ್‌ನಲ್ಲಿ ನಾಳವೂ ಕಿರಿದು, ಸ್ನಾಯುವೂ ಸಡಿಲ.

ನೋವಿಲ್ಲ, ಸೋರುವುದಿಲ್ಲ, ಜ್ವರವಿಲ್ಲ. ಹೀಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಬಾಗಿಲು ಬಡಿದರೆ ಮಗು ತಿರುಗುತ್ತದೆ, ಪಕ್ಕದ ಕೋಣೆಯಿಂದ ಮೆಲ್ಲಗೆ ಕರೆದರೆ ತಿರುಗುವುದಿಲ್ಲ. ಟಿವಿ ಜೋರು ಬೇಕು. ನೆಗಡಿಯಾದಾಗ ಈ ತೊಂದರೆ ಹೆಚ್ಚು, ಆಮೇಲೆ ಕಡಿಮೆ. ‘ಹಟ’, ‘ಡೌನ್ ಮಗುವಲ್ಲವೇ, ಮಾತು ತಡವೇ’ ಎಂದು ಸುಮ್ಮನಾಗುವುದೇ ಇಲ್ಲಿ ಆಗುವ ದೊಡ್ಡ ತಪ್ಪು.

ಇನ್ನು ಕಾನೂನಿನ ಮಾತು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 25, ಅಪಾಯದಲ್ಲಿರುವ ಮಕ್ಕಳನ್ನು ಗುರುತಿಸಲು ಎಲ್ಲ ಮಕ್ಕಳನ್ನೂ ವರ್ಷಕ್ಕೆ ಒಮ್ಮೆಯಾದರೂ ತಪಾಸಣೆ ಮಾಡಬೇಕೆಂದು ಸರ್ಕಾರಕ್ಕೂ ಸ್ಥಳೀಯ ಸಂಸ್ಥೆಗಳಿಗೂ ಹೊಣೆ ಹೊರಿಸಿದೆ. ಈ ತಪಾಸಣೆಗೆ ಅಂಗವಿಕಲತೆ ಪ್ರಮಾಣಪತ್ರ ಬೇಕೆಂದು ಅಲ್ಲಿ ಹೇಳಿಲ್ಲ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್, ಸೀಳು ತುಟಿ-ಅಂಗುಳ, ಕಿವಿಯ ತೊಂದರೆ ಮೂರೂ ಇವೆ. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಮ್ಮೆ ಬರಬೇಕು. ತೊಂದರೆ ಕಂಡ ಮಗುವನ್ನು ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಕಳುಹಿಸಬೇಕು. ಮುಂದಿನ ಚಿಕಿತ್ಸೆಯೂ ಉಚಿತ.

ಆದರೆ ಕಾನೂನಿನ ‘ವರ್ಷಕ್ಕೊಮ್ಮೆ’ ಕನಿಷ್ಠ ಮಿತಿ. ಡೌನ್ ಸಿಂಡ್ರೋಮ್ ಮಕ್ಕಳಿಗೆ ಆರು ತಿಂಗಳಿನಲ್ಲಿ, ಅಲ್ಲಿಂದ ಎರಡೂ ಕಿವಿ ಸರಿಯಿವೆ ಎಂದು ಖಚಿತವಾಗುವವರೆಗೆ ಆರಾರು ತಿಂಗಳಿಗೊಮ್ಮೆ, ಬಳಿಕ ವರ್ಷಕ್ಕೊಮ್ಮೆ ಪರೀಕ್ಷೆ ಬೇಕೆಂಬುದು ಅಮೆರಿಕದ ಮಕ್ಕಳ ವೈದ್ಯರ ಸಂಘದ ಸಲಹೆ. ನಿಮ್ಮ ವೈದ್ಯರಿಂದ ‘ಆರು ತಿಂಗಳಿಗೊಮ್ಮೆ ಶ್ರವಣ ಪರೀಕ್ಷೆ ಅಗತ್ಯ’ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಕಚೇರಿಯಲ್ಲಿ ಬಾಯಿಮಾತಿಗಿಂತ ಆ ಒಂದು ಸಾಲಿಗೆ ಬೆಲೆ ಹೆಚ್ಚು.

ಒಂದು ಉದಾಹರಣೆ ನೋಡೋಣ. ಡೌನ್ ಸಿಂಡ್ರೋಮ್ ಇರುವ ನಾಲ್ಕು ವರ್ಷದ ಹುಡುಗಿ, ಅಂಗನವಾಡಿಗೆ ಹೋಗುತ್ತಾಳೆ. ತಂಡ ಬಂದ ದಿನ ಅವಳಿಗೆ ನೆಗಡಿ, ರಜೆ. ತಾಯಿ ಮುಂದಿನ ಭೇಟಿಗೆ ಕಾಯಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಅರ್ಜಿ ಬರೆದು, ‘ಡಿಇಐಸಿಗೆ ರೆಫರಲ್ ಚೀಟಿ ಕೊಡಿ’ ಎಂದು ಕೇಳಿ, ನಕಲಿನ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳುತ್ತಾಳೆ. ಡಿಇಐಸಿಯಲ್ಲಿ ಮೊದಲು ಗುಗ್ಗೆ ತೆಗೆಸಬೇಕು. ಇಂಥ ಮಕ್ಕಳ ಕಿವಿರಂಧ್ರ ಸಣ್ಣದು, ಗುಗ್ಗೆ ಇದ್ದರೆ ಪರೀಕ್ಷೆಯ ಫಲ ನಂಬುವಂತಿರುವುದಿಲ್ಲ. ಬಳಿಕ ಟಿಂಪನೋಮೆಟ್ರಿ. ರೇಖೆ ಗುಡ್ಡದಂತೆ ಏಳುವ ಬದಲು ಚಪ್ಪಟೆ ಬಂದು, ‘ಬಿ ಟೈಪ್’ ಎಂದು ಬರೆದಿದ್ದರೆ ದ್ರವದ ಸೂಚನೆ. ಅದು ದ್ರವ ಇದೆಯೇ ಎಂದಷ್ಟೇ ಹೇಳುತ್ತದೆ. ಎಷ್ಟು ಕೇಳುತ್ತದೆ ಎಂದು ತಿಳಿಯಲು ಆಟದ ಮೂಲಕ ಮಾಡುವ ಶ್ರವಣ ಪರೀಕ್ಷೆಯೋ, ಮಗು ಸಹಕರಿಸದಿದ್ದರೆ ನಿದ್ದೆಯಲ್ಲಿ ಮಾಡುವ ಬೆರಾ ಪರೀಕ್ಷೆಯೋ ಬೇಕು. ಎರಡೂ ವರದಿ ಕೈಗೆ ಬಾರದೆ ಎದ್ದು ಬರಬೇಡಿ. ವೈದ್ಯರು ದಾಖಲೆಯ ಪ್ರತಿಯನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬುದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮ.

ಅವಳ ವರದಿಯಲ್ಲಿ ಎರಡೂ ಕಿವಿಗೆ 35 ಡೆಸಿಬಲ್ ಶ್ರವಣದೋಷ ಎಂದಿದೆ ಎಂದಿಟ್ಟುಕೊಳ್ಳಿ. ತರಗತಿಯ ಗದ್ದಲದಲ್ಲಿ ಟೀಚರ್ ಮಾತಿನ ಅರ್ಧ ಕಳೆದುಹೋಗುವಷ್ಟು. ಆದರೂ ಇದಕ್ಕೆ ಶ್ರವಣದೋಷದ ಪ್ರಮಾಣಪತ್ರ ಸಿಗುವುದಿಲ್ಲ, ಕಾಯ್ದೆಯ ಲೆಕ್ಕದಲ್ಲಿ ಎರಡೂ ಕಿವಿಗೆ ಕನಿಷ್ಠ 60 ಡೆಸಿಬಲ್ ಆಗಿರಬೇಕು. ಆ ಪತ್ರಕ್ಕಾಗಿ ಅಲೆಯುವುದು ವ್ಯರ್ಥ. ದ್ರವಕ್ಕೆ ಗ್ರಾಮೆಟ್ ನಳಿಗೆ ಅಥವಾ ಶ್ರವಣಯಂತ್ರದ ನಿರ್ಧಾರವನ್ನು ಇಎನ್‌ಟಿ ವೈದ್ಯರು ಮತ್ತು ಆಡಿಯಾಲಜಿಸ್ಟ್ ಮಾಡಲಿ. ಅದನ್ನು ಆರ್‌ಬಿಎಸ್‌ಕೆ ಅಡಿಯಲ್ಲೇ ಕೇಳಿ. ಬೌದ್ಧಿಕ ಅಂಗವಿಕಲತೆಯ ಯುಡಿಐಡಿ ಕಾರ್ಡ್ ಇದ್ದರೆ, ಸರದಿಯಲ್ಲಿ ಆದ್ಯತೆಯನ್ನು ಸೆಕ್ಷನ್ 25ರಡಿ, ಶಾಲೆಯಲ್ಲಿ ಮುಂದಿನ ಸಾಲಿನಂಥ ಅನುಕೂಲವನ್ನು ಸೆಕ್ಷನ್ 16ರಡಿ ಕೇಳಬಹುದು. ಅಂಗುಳ ಸೀಳಿದ ಮಗುವಿಗೆ ಇಂಥ ಕಾರ್ಡ್ ಇಲ್ಲದಿರುವುದೇ ಹೆಚ್ಚು, ಅವರ ಗಟ್ಟಿ ಆಧಾರ ಆರ್‌ಬಿಎಸ್‌ಕೆ.

ಚೀಟಿ ಕೊಡದಿದ್ದರೆ, ‘ಯಂತ್ರ ಕೆಟ್ಟಿದೆ’ ಎಂದು ತಿಂಗಳುಗಟ್ಟಲೆ ಅಲೆಸಿದರೆ, ಮೊಹರಿನ ಪ್ರತಿಯೊಂದಿಗೆ ಜಿಲ್ಲಾ ಆರೋಗ್ಯಾಧಿಕಾರಿಗೆ ದೂರು ಕೊಡಿ. ತಂಡ ಯಾವ ದಿನ ಅಂಗನವಾಡಿಗೆ ಬಂದಿತ್ತು ಎಂದು ಮಾಹಿತಿ ಹಕ್ಕಿನಡಿ ಕೇಳಿದರೆ 30 ದಿನದಲ್ಲಿ ಉತ್ತರ ಬರಬೇಕು. ಅಲ್ಲಿಗೂ ಆಗದಿದ್ದರೆ ಕಾಯ್ದೆಯಡಿಯ ರಾಜ್ಯ ಆಯುಕ್ತರಿಗೆ ದೂರು. ಅವರು ಕೊಡುವುದು ಶಿಫಾರಸು. ಆದರೆ ಇಲಾಖೆ ಮೂರು ತಿಂಗಳೊಳಗೆ ಕ್ರಮದ ವರದಿ ಕೊಡಬೇಕು, ಒಪ್ಪದಿದ್ದರೆ ಕಾರಣವನ್ನು ಆಯುಕ್ತರಿಗೂ ದೂರುದಾರರಿಗೂ ತಿಳಿಸಬೇಕು.