ಮೊದಲು ತಾರೀಖು, ಆಮೇಲೆ ತ್ವರೆ

ತಮ್ಮಾ, ಬೇಸಿಗೆ ಸೂಟಿಯಲ್ಲಿ ಯಮನೂರಿನ ಕುಟುಂಬಗಳನ್ನು ಬಾದಾಮಿ, ಕೂಡಲಸಂಗಮಕ್ಕೆ ಎರಡು ದಿನ ಕರೆದೊಯ್ಯಲು ನೀನು ಬರೆದ ಕರಪತ್ರದ ಕರಡನ್ನು ರಾತ್ರಿ ಎರಡು ಸಲ ಓದಿದೆ. "ಸೀಟು ಕಡಿಮೆ ಇವೆ, ತ್ವರೆ ಮಾಡಿರಿ" ಎಂದು ದಪ್ಪಕ್ಷರದಲ್ಲಿದೆ. ಯಾವ ತಾರೀಖಿನೊಳಗೆ ತ್ವರೆ ಮಾಡಬೇಕು ಎಂಬುದು ಎಲ್ಲಿಯೂ ಇಲ್ಲ. ತಾರೀಖು ಇಲ್ಲದಿದ್ದರೆ ನಮ್ಮ ಜನ "ನೋಡೋಣ ಬಿಡಪಾ" ಎನ್ನುತ್ತಾರೆ, ಹೊರಡುವ ಹಿಂದಿನ ರಾತ್ರಿ ಬಂದು ಬಾಗಿಲು ಬಡಿಯುತ್ತಾರೆ.

ಕೊನೆಯ ತಾರೀಖನ್ನು ಮನಸ್ಸಿಗೆ ಬಂದಂತೆ ಹಾಕಬೇಡ, ಹೊರಡುವ ದಿನದಿಂದ ಹಿಂದಕ್ಕೆ ಎಣಿಸು. ಏಪ್ರಿಲ್ 25ರ ಶನಿವಾರ ಹೊರಡುವುದಿದ್ದರೆ, ಬಸ್ಸಿಗೂ ತಂಗುವ ಕೋಣೆಗಳಿಗೂ ನೀನು ಹಣ ಕಟ್ಟಲು ಕನಿಷ್ಠ ಒಂದು ವಾರ ಮೊದಲೇ ತಲೆ ಎಣಿಕೆ ಗಟ್ಟಿಯಾಗಿರಬೇಕು. ಹಾಗಾಗಿ ಮುಂಗಡಕ್ಕೆ 15, ಪೂರ್ತಿ ಹಣಕ್ಕೆ 21 ಎಂದು ಬರೆ. 15ರ ನಂತರ ಬಿಟ್ಟವರಿಗೆ ಮುಂಗಡ ಮರಳುವುದಿಲ್ಲ, ಬದಲಿಗೆ ಬೇರೆಯವರನ್ನು ಕೊಟ್ಟರೆ ನಡೆಯುತ್ತದೆ ಎಂಬುದನ್ನೂ ಅದೇ ಅಳತೆಯ ಅಕ್ಷರದಲ್ಲಿ ಬರೆ. ಸಣ್ಣಕ್ಷರದಲ್ಲಿ ಬರೆದ ಷರತ್ತು ಮುಂದೆ ಕಟ್ಟೆಯ ಮೇಲೆ ಜಗಳವಾಗುತ್ತದೆ.

ಕರಪತ್ರ ಹಂಚಲು ಸೂಟಿ ಬೀಳುವವರೆಗೆ ಕಾಯಬೇಡ. ಏಪ್ರಿಲ್ 10ರ ಆಸುಪಾಸು ಶಾಲೆಯಲ್ಲಿ ಫಲಿತಾಂಶ ಹೇಳುವಾಗ ತಾಯಿತಂದೆ ಒಟ್ಟಿಗೆ ಸಿಗುತ್ತಾರೆ. ಮಾರನೆಯ ದಿನ ಅರ್ಧ ಊರು ತವರುಮನೆ ಸೇರಿರುತ್ತದೆ. ದಸರಾ ಸೂಟಿಗೆ ಮಾಡೋಣ ಎಂದೂ ನೀನು ಅಂದಿದ್ದೆ. ಆಗ ಎರಿಹೊಲದಲ್ಲಿ ಹಿಂಗಾರಿ ಬಿತ್ತನೆ, ಕೂರಿಗೆ ಬಿಟ್ಟು ಯಾರೂ ಬರುವುದಿಲ್ಲ.

ದರದ ಲೆಕ್ಕ ಇನ್ನೊಮ್ಮೆ ಮಾಡು. ಬಸ್ಸಿನ ಬಾಡಿಗೆ 30 ಸಾವಿರ ಎಂದಿಟ್ಟುಕೊ. ನೀನು 50 ಸೀಟಿಗೆ ಭಾಗಿಸಿ 600 ರೂಪಾಯಿ ಎಂದು ಬರೆದಿರುವೆ. 35 ಜನ ಬಂದರೆ ಕೂಡುವುದು 21 ಸಾವಿರ, ಉಳಿದ 9 ಸಾವಿರ ನಿನ್ನ ಕಿಸೆಯಿಂದ. 40ಕ್ಕೆ ಭಾಗಿಸಿ 750 ಇಡು, ಊಟ ವಸತಿ ಬೇರೆ. ಮಕ್ಕಳ ವಿಷಯ ಬಿಡಿಸಿ ಬರೆ: ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಆದರೆ ಬಸ್ಸಿನಲ್ಲಿ ಸೀಟು ಬೇಕಾಗುತ್ತದೆ.

ಇನ್ನು ನೋಡುವ ಜಾಗಗಳ ಪಟ್ಟಿ. ಎರಡು ದಿನದಲ್ಲಿ 11 ಜಾಗ ಹಾಕಿರುವೆ, ಆಲಮಟ್ಟಿಯ ಕಾರಂಜಿಯವರೆಗೆ. ಕಾರಂಜಿ ನೋಡಿ ಹೊರಟರೆ ಊರು ಮುಟ್ಟುವುದು ನಡುರಾತ್ರಿ, ಮಕ್ಕಳು ತಾಯಂದಿರ ತೊಡೆಯ ಮೇಲೆ ಬಾಡಿ ಬಿದ್ದಿರುತ್ತವೆ. ಅದನ್ನು ತೆಗೆ. ನಸುಕಿನ ಐದಕ್ಕೆ ಹೊರಟು ನರಗುಂದದ ದಾರಿಯಲ್ಲಿ ಬಾದಾಮಿ ಸೇರಿ, ಬಿಸಿಲೇರುವ ಮೊದಲು ನಾಲ್ಕೂ ಗುಹೆ ನೋಡಿಸು. ಏಪ್ರಿಲ್‌ನಲ್ಲಿ ಹೊತ್ತೇರಿದ ಮೇಲೆ ಆ ಕೆಂಪುಗಲ್ಲು ಬರಿಗಾಲನ್ನು ಸುಡುತ್ತದೆ. ಮೆಟ್ಟಿಲುಗಳಿವೆ ಎಂದು ಕರಪತ್ರದಲ್ಲೇ ಹೇಳು, ಮೊಣಕಾಲು ನೋವಿನ ಅಜ್ಜಿಯರು ಮೊದಲೇ ವಿಚಾರ ಮಾಡಲಿ. ನಡುಮಧ್ಯಾಹ್ನಕ್ಕೆ ಮಹಾಕೂಟ ಇಡು. ಅಲ್ಲಿ ಮರದ ನೆರಳಿದೆ, ಪುಷ್ಕರಣಿಯಲ್ಲಿ ಬುಗ್ಗೆಯ ತಣ್ಣೀರಿದೆ. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಇರಲಿ. ಮೊಸರನ್ನ ಆ ಸೆಕೆಗೆ ಹುಳಿಯುತ್ತದೆ.

ಸಂಜೆ ಪಟ್ಟದಕಲ್ಲು, ಮರುದಿನ ಐಹೊಳೆ, ಸಂಗಮ. ಇದರಲ್ಲಿ ನೀನು ಬರೆಯದೇ ಬಿಟ್ಟ ವಿಶೇಷ ಒಂದಿದೆ. ಪಟ್ಟದಕಲ್ಲು ನಿಂತಿರುವುದು ಮಲಪ್ರಭೆಯ ದಂಡೆಯ ಮೇಲೆ. ನವಿಲುತೀರ್ಥದ ಅಣೆಕಟ್ಟಿನಿಂದ ನವಲಗುಂದದ ಕಾಲುವೆಗಳಿಗೆ ಬರುವುದು ಅದೇ ಹೊಳೆಯ ನೀರು. ಆ ಹೊಳೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. "ನಮ್ಮ ಹೊಲಕ್ಕೆ ನೀರು ಕೊಡುವ ಹೊಳೆ ಎಲ್ಲಿ ಹೋಗಿ ಸೇರುತ್ತದೆ, ಮಕ್ಕಳಿಗೆ ತೋರಿಸೋಣ ಬರ್ರಿ" ಎಂದು ಮೊದಲ ಸಾಲಿನಲ್ಲೇ ಬರೆ. ಕರೆಂಟ್ ಕಾರಂಜಿಗಿಂತ ಇದಕ್ಕೆ ಹೆಚ್ಚು ಜನ ಬರುತ್ತಾರೆ ಎಂಬುದು ನನ್ನ ನಂಬಿಕೆ.

ವಾರ ಬದಲಿಸುವ ಪ್ರಸಂಗ ಬಂದರೂ ಶುಕ್ರವಾರಕ್ಕೆ ತರಬೇಡ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಅಂದು ರಜೆ. ನಾನು ಮಾಸ್ತರನಾಗಿದ್ದಾಗ ಒಮ್ಮೆ ವಿಚಾರಿಸದೆ ಮಕ್ಕಳನ್ನು ಶುಕ್ರವಾರ ಬಾದಾಮಿಗೆ ಒಯ್ದಿದ್ದೆ. ಒಬ್ಬ ಹುಡುಗಿ ಮುಚ್ಚಿದ ಗೇಟಿನ ಸರಳು ಹಿಡಿದು, "ಸರ್, ಒಳಗ ಏನೇನ ಐತ್ರಿ?" ಅಂದಳು. ಬರೆದುಕೊಳ್ಳಲೆಂದು ಹೊಸ ನೋಟುಬುಕ್ಕು ತಂದಿದ್ದಳು ಅವಳು. ಅದರ ಮೊದಲ ಹಾಳೆ ಖಾಲಿಯೇ ಉಳಿಯಿತು.

ಕರಡಿನ ಕೆಳಗೆ ಜಾಗ ಬಿಟ್ಟಿದ್ದೇನೆ. ಎರಡು ತಾರೀಖು, ದೊಡ್ಡವರ ದರ, ಮಕ್ಕಳ ದರ, ಬಸ್ಸು ನಿಲ್ಲುವ ಜಾಗ ಬರೆದುಕೊಂಡು ನಾಳೆ ಸಂಜೆ ಬಾ. ಅಚ್ಚಿಗೆ ಕೊಡುವ ಮೊದಲು ಇಬ್ಬರೂ ಕೂತು ಒಮ್ಮೆ ಓದೋಣ.