ಅಡಿಬರಹದಲ್ಲಿ ಗ್ರಾಹಕನ ಪದ: ಇನ್‌ಸ್ಟಾಗ್ರಾಮ್ ಹುಡುಕಾಟದಲ್ಲಿ ಸ್ಥಳೀಯ ಅಂಗಡಿ ಕಾಣುವ ಬಗೆ

ಹುಬ್ಬಳ್ಳಿಯ ದುರ್ಗದಬೈಲಿನ ಸಮೀಪ ಎರಡು ತಲೆಮಾರಿನಿಂದ ಇಳಕಲ್ ಸೀರೆ ಮಾರುವ ಅಂಗಡಿಯೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಮಾಲೀಕರ ಮಗ ಇನ್‌ಸ್ಟಾಗ್ರಾಮ್‌ನಲ್ಲಿ ಅಂಗಡಿಯ ಖಾತೆ ತೆರೆದು ವಾರಕ್ಕೆ ಮೂರು ಚಿತ್ರ ಹಾಕುತ್ತಾನೆ. ಚಿತ್ರಗಳು ಚೆನ್ನಾಗಿಯೇ ಇವೆ. ಆದರೆ ಅವುಗಳ ಕೆಳಗಿನ ಅಡಿಬರಹ, ಅಂದರೆ ಕ್ಯಾಪ್ಷನ್, ಸಾಮಾನ್ಯವಾಗಿ ಹೀಗಿರುತ್ತದೆ: “ಹೊಸ ಸ್ಟಾಕ್ ಬಂದಿದೆ! ಬೇಗ ಬನ್ನಿ. ಬೆಲೆಗೆ ಮೆಸೇಜ್ ಮಾಡಿ.” ಅದರ ಕೆಳಗೆ #love, #fashion, #instagood ಮೊದಲಾದ ಹ್ಯಾಷ್‌ಟ್ಯಾಗುಗಳು. ವರ್ಷ ಕಳೆದರೂ ಚಿತ್ರ ಮೆಚ್ಚಿದವರು ನೆಂಟರಿಷ್ಟರು ಮತ್ತು ಹಳೆಯ ಗಿರಾಕಿಗಳಷ್ಟೇ. ಇದೇ ಸೀರೆಯನ್ನು ಹುಡುಕುತ್ತಿರುವ ಪುಣೆಯ ಗ್ರಾಹಕಿಗೂ ಧಾರವಾಡದ ಗ್ರಾಹಕಿಗೂ ಈ ಅಂಗಡಿ ಇರುವುದೇ ತಿಳಿಯದು.

ಕಾರಣ ಸರಳವಾದುದು. ಆ ಅಡಿಬರಹದಲ್ಲಿ ‘ಇಳಕಲ್’ ಎಂಬ ಪದವಿಲ್ಲ, ‘ಸೀರೆ’ ಎಂಬ ಪದವಿಲ್ಲ, ‘ಹುಬ್ಬಳ್ಳಿ’ಯೂ ಇಲ್ಲ. ಅದೇ ಅಡಿಬರಹವನ್ನು ಪಾದರಕ್ಷೆಯ ಅಂಗಡಿಯವರೂ ಬಳಸಬಹುದಾಗಿತ್ತು.

ಇನ್‌ಸ್ಟಾಗ್ರಾಮ್ ಸಂಸ್ಥೆಯು ತನ್ನ ಹುಡುಕಾಟದ ವಿಧಾನವನ್ನು 2021ರ ಆಗಸ್ಟ್‌ನಲ್ಲಿ ಬಹಿರಂಗವಾಗಿ ವಿವರಿಸಿತು. ಹುಡುಕುವವರು ಟೈಪ್ ಮಾಡಿದ ಪದವನ್ನು ಖಾತೆಯ ಹೆಸರು, ಪರಿಚಯ ಸಾಲುಗಳು, ಅಡಿಬರಹ, ಹ್ಯಾಷ್‌ಟ್ಯಾಗ್ ಮತ್ತು ಸ್ಥಳದ ಹೆಸರುಗಳೊಂದಿಗೆ ಹೋಲಿಸಿ ನೋಡುವುದು ಮೊದಲ ಹಂತ. ಹೀಗೆ ಹೊಂದಿಕೆಯಾದವುಗಳಲ್ಲಿ ಯಾವುದನ್ನು ಮೇಲೆ ತೋರಿಸಬೇಕೆಂಬುದು ಎರಡನೆಯ ಹಂತ. ಅಲ್ಲಿ ಹುಡುಕುವವರ ಹಿಂದಿನ ನಡವಳಿಕೆ ಮತ್ತು ಆ ಚಿತ್ರಕ್ಕೆ ದೊರೆತ ಜನಪ್ರಿಯತೆ ಗಣನೆಗೆ ಬರುತ್ತವೆ. ಪದಗಳನ್ನು ಅಡಿಬರಹದಲ್ಲಿಯೇ ಇಡಬೇಕು, ಕೆಳಗಿನ ಪ್ರತಿಕ್ರಿಯೆಗಳಲ್ಲಿ ಇಟ್ಟರೆ ಹುಡುಕಾಟಕ್ಕೆ ನೆರವಾಗದು ಎಂದೂ ಸಂಸ್ಥೆ ಅದೇ ವೇಳೆ ತಿಳಿಸಿತ್ತು. ಎರಡನೆಯ ಹಂತ ಅಂಗಡಿಯವರ ಕೈಯಲ್ಲಿ ಪೂರ್ತಿ ಇಲ್ಲ. ಮೊದಲನೆಯದು ಬಹುಮಟ್ಟಿಗೆ ಇದೆ. ಸರಿಯಾದ ಪದಗಳಿದ್ದ ಮಾತ್ರಕ್ಕೆ ಅಂಗಡಿ ಮೇಲ್ಪಂಕ್ತಿಗೆ ಬರುವುದೆಂಬ ಖಾತರಿಯಿಲ್ಲ. ಆದರೆ ಪದಗಳೇ ಇಲ್ಲದಿದ್ದರೆ ಪಂಕ್ತಿಯಲ್ಲಿ ಕೂರುವ ಅರ್ಹತೆಯೇ ದೊರೆಯುವುದು ಕಷ್ಟ.

ಹಾಗಾದರೆ ಯಾವ ಪದಗಳು? ಇಲ್ಲಿಯೇ ಬಹುತೇಕ ವರ್ತಕರು ಎಡವುವುದು. ವರ್ತಕರ ಪದ ಬೇರೆ, ಗ್ರಾಹಕರ ಪದ ಬೇರೆ. ಅಂಗಡಿಯವರು ಸರಕನ್ನು ಗೋಮಿ, ಚಿಕ್ಕಿ ಪರಾಸ್, ಗಾಡಿ ಎಂದು ದಡಿಯ ಹೆಸರಿನಿಂದ ಗುರುತಿಸುತ್ತಾರೆ. ಮೊದಲ ಬಾರಿ ಕೊಳ್ಳುವವರಿಗೆ ಆ ಹೆಸರುಗಳು ಗೊತ್ತಿರುವುದಿಲ್ಲ; ಅವರು ರೋಮನ್ ಲಿಪಿಯಲ್ಲಿ ilkal saree ಎಂದು ಟೈಪ್ ಮಾಡುತ್ತಾರೆ. ಮಹಾರಾಷ್ಟ್ರದವರು ಅದನ್ನೂ ಮಾಡುವುದಿಲ್ಲ. ಮರಾಠಿಯಲ್ಲಿ ಈ ಸೀರೆಗೆ ‘ಇರಕಲ್’ ಎಂಬ ಹೆಸರಿದ್ದು, ಅಲ್ಲಿನವರು irkal saree ಎಂದೇ ಹುಡುಕುತ್ತಾರೆ. ಒಂದು ಅಕ್ಷರದ ವ್ಯತ್ಯಾಸ; ಆದರೆ ಕೊಲ್ಲಾಪುರ, ಸಾಂಗ್ಲಿ, ಪುಣೆಯ ಮಾರುಕಟ್ಟೆ ಆ ಒಂದು ಅಕ್ಷರದ ಆಚೆಗಿದೆ. ಈ ಸೀರೆಯೊಂದಿಗೆ ತೊಡುವ ಗುಳೇದಗುಡ್ಡದ ಖಣಕ್ಕೂ ಇದೇ ಗತಿ. ನಮ್ಮಲ್ಲಿ ಅದು khana, ಆಚೆ ಬದಿಗೆ khun ಅಥವಾ khan.

ಊರಿನ ಹೆಸರಿನಲ್ಲಿಯೂ ಇಂಥದೇ ತೊಡಕಿದೆ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದಾಗ Hubli ಎಂಬುದು Hubballi ಆಯಿತು. ಅಧಿಕೃತ ಪತ್ರಗಳಲ್ಲಿ ಹೊಸ ರೂಪ ನೆಲೆನಿಂತಿದ್ದರೂ ಅನೇಕರ ಬೆರಳಿಗೆ ಇಂದಿಗೂ ಹಳೆಯದೇ ರೂಢಿ. ಬೆಳಗಾವಿ, ಮೈಸೂರು, ಬಳ್ಳಾರಿಯ ಉದ್ಯಮಿಗಳಿಗೂ ಇದು ಅನ್ವಯಿಸುತ್ತದೆ.

ಪದಸಂಗ್ರಹಕ್ಕೆ ದುಬಾರಿ ಸಲಹೆಗಾರರ ಅಗತ್ಯವಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು, ಎರಡು ವಾರ ಕಾಲ ಗ್ರಾಹಕರು ಬಾಗಿಲಲ್ಲಿ ನಿಂತು ಕೇಳುವ ಮೊದಲ ವಾಕ್ಯವನ್ನೂ, ಫೋನಿನಲ್ಲಿ ಕೇಳುವ ಮೊದಲ ವಾಕ್ಯವನ್ನೂ ಅವರ ಮಾತಿನಲ್ಲಿಯೇ ಬರೆದಿಡಬೇಕು, ತಿದ್ದಬಾರದು. “ಸೀಮಂತಕ್ಕೆ ಹಸಿರು ಇಳಕಲ್ ಸೀರಿ ಐತೇನ್ರಿ?” ಎಂಬ ಒಂದು ಪ್ರಶ್ನೆಯಲ್ಲಿ ವಸ್ತು, ಬಣ್ಣ, ಸಂದರ್ಭ ಮೂರೂ ಇವೆ. ಅನಂತರ ಹುಡುಕಾಟದ ಪೆಟ್ಟಿಗೆಯಲ್ಲಿ ಆ ಪದಗಳನ್ನು ಅರ್ಧ ಟೈಪ್ ಮಾಡಿ, ಕೆಳಗೆ ತಾನಾಗಿ ಮೂಡುವ ಸೂಚನೆಗಳನ್ನು ಗಮನಿಸಬೇಕು. ಇದನ್ನು ಅಂಗಡಿಯ ಫೋನಿನಲ್ಲಿ ಮಾಡಿದರೆ ಪ್ರಯೋಜನ ಕಡಿಮೆ. ಆ ಫೋನಿನ ಹಿಂದಿನ ನಡವಳಿಕೆ ಫಲಿತಾಂಶದ ಮೇಲೆ ಪ್ರಭಾವ ಬೀರುವುದರಿಂದ ಮಾಲೀಕರಿಗೆ ತಮ್ಮ ಅಂಗಡಿಯೇ ಮೊದಲು ಕಾಣಿಸಿ ಸುಳ್ಳು ಸಮಾಧಾನ ಉಂಟಾಗುತ್ತದೆ. ಅಂಗಡಿಯ ಖಾತೆಯನ್ನು ಅನುಸರಿಸದ ಬೇರೊಬ್ಬರ ಫೋನು ಉತ್ತಮ.

ಇನ್ನು ಪದಗಳನ್ನು ಪೋಣಿಸುವ ಕೆಲಸ. “Ilkal saree Hubli, best Ilkal saree, Ilkal silk saree Hubballi, Irkal saree” ಎಂದು ಪೇರಿಸಿಟ್ಟರೆ ಓದುವವರು ಮುಂದಕ್ಕೆ ಸರಿಯುತ್ತಾರೆ. ಯಾರೂ ನಿಲ್ಲದ ಚಿತ್ರಕ್ಕೆ ಮೇಲೆ ಹೇಳಿದ ಎರಡನೆಯ ಹಂತದಲ್ಲಿ ಬೆಲೆಯಿಲ್ಲ. ಒಂದು ಚಿತ್ರಕ್ಕೆ ಒಂದೇ ಸರಕು, ಆ ಸರಕಿಗೆ ಒಂದು ಮುಖ್ಯ ಪದ, ಜೊತೆಗೆ ಊರು ಮತ್ತು ಒಂದೆರಡು ವಿವರ ಎಂಬ ಮಿತಿ ಇಟ್ಟುಕೊಂಡರೆ ವಾಕ್ಯ ಸಹಜವಾಗಿ ಉಳಿಯುತ್ತದೆ. ಅಡಿಬರಹ ದೀರ್ಘವಾದರೆ ಮೊದಲ ಒಂದೆರಡು ಸಾಲು ಮಾತ್ರ ಕಾಣಿಸಿ ಉಳಿದುದು ಮಡಚಿಕೊಳ್ಳುವುದರಿಂದ ಮುಖ್ಯ ಪದ ಮೊದಲ ಸಾಲಿನಲ್ಲಿರಬೇಕು. ಮೇಲಿನ ಅಂಗಡಿಯ ಅಡಿಬರಹವನ್ನು ಹೀಗೆ ತಿದ್ದಬಹುದು:

```
ಇಳಕಲ್ ಸೀರೆ, ಚಿಕ್ಕಿ ಪರಾಸ್ ದಡಿ, ಕೆಂಪು ಸೆರಗು.
Green Ilkal saree, handloom, at our shop in Hubli.
ಮಹಾರಾಷ್ಟ್ರದಲ್ಲಿ Irkal saree ಎನ್ನುವುದು ಇದನ್ನೇ.
ಒಡಲು ಹತ್ತಿ, ಸೆರಗು ಆರ್ಟ್ ಸಿಲ್ಕ್. ಸೀಮಂತಕ್ಕೆ ಒಪ್ಪುವ ಹಸಿರು.
ಅಂಗಡಿ: ದುರ್ಗದಬೈಲು, ಹುಬ್ಬಳ್ಳಿ.
```

ಇಲ್ಲಿ ಮೂರನೆಯ ಸಾಲು ಗಮನಾರ್ಹ. ‘ಇರಕಲ್’ ಎಂಬ ಪದವನ್ನು ತುರುಕಿದಂತೆ ಕಾಣುವುದಿಲ್ಲ, ಏಕೆಂದರೆ ಆ ವಾಕ್ಯ ಓದುಗರಿಗೆ ನಿಜವಾದ ಒಂದು ಮಾಹಿತಿಯನ್ನು ನೀಡುತ್ತಿದೆ. ಪರ್ಯಾಯ ಹೆಸರು ಸಹಜವಾಗಿ ಕೂರಬೇಕಾದರೆ ಅದಕ್ಕೊಂದು ಕೆಲಸ ಕೊಡಬೇಕು. ಊರಿನ ಎರಡು ಇಂಗ್ಲಿಷ್ ರೂಪಗಳನ್ನು ಒಂದೇ ಅಡಿಬರಹದಲ್ಲಿ ತರುವ ಅಗತ್ಯವಿಲ್ಲ. ಒಂದು ಚಿತ್ರಕ್ಕೆ Hubli, ಇನ್ನೊಂದಕ್ಕೆ Hubballi ಎಂದು ಬದಲಿಸುತ್ತ ಹೋದರೆ ಸಾಕು. ಖಣದ ವಿಷಯವನ್ನು ಇಲ್ಲಿ ಸೇರಿಸದೆ ಅದರದೇ ಚಿತ್ರಕ್ಕೆ ಬಿಟ್ಟಿರುವುದೂ ಉದ್ದೇಶಪೂರ್ವಕವೇ. ಹ್ಯಾಷ್‌ಟ್ಯಾಗುಗಳು ಮೂರರಿಂದ ಐದಿದ್ದರೆ ಸಾಕು. #love ಅವುಗಳಲ್ಲಿ ಒಂದಾಗಬೇಕಿಲ್ಲ.

ಕನ್ನಡದಲ್ಲಿ ಬರೆಯುವಾಗ ಇನ್ನೊಂದು ಸೂಕ್ಷ್ಮವಿದೆ. ನಮ್ಮ ಭಾಷೆಯಲ್ಲಿ ವಿಭಕ್ತಿ ಪ್ರತ್ಯಯ ಸೇರಿದೊಡನೆ ಪದದ ರೂಪ ಬದಲಾಗುತ್ತದೆ. “ಇಳಕಲ್ಲಿನ ಸೀರೆಗಳನ್ನು ಹುಬ್ಬಳ್ಳಿಯಲ್ಲಿ ಮಾರುತ್ತೇವೆ” ಎಂಬ ವಾಕ್ಯದಲ್ಲಿ ವ್ಯಾಕರಣದ ದೋಷವೇನಿಲ್ಲ. ಆದರೆ ಗ್ರಾಹಕರು ಟೈಪ್ ಮಾಡುವ ‘ಇಳಕಲ್ ಸೀರೆ’ ಎಂಬ ಜೋಡಿ ಪದ ಅದರಲ್ಲಿ ಎಲ್ಲಿಯೂ ಇದ್ದ ಹಾಗೆ ಇಲ್ಲ. ಯಂತ್ರವು ಪ್ರತ್ಯಯವನ್ನು ಬಿಡಿಸಿ ಅರ್ಥಮಾಡಿಕೊಂಡೀತೆಂದು ನಂಬಿ ಕೂರುವ ಬದಲು, ಮುಖ್ಯ ಪದವನ್ನು ಕರ್ತೃಸ್ಥಾನದಲ್ಲಿ ಅಥವಾ ತಲೆಬರಹದಂತೆ ಸಾಲಿನ ಮೊದಲಲ್ಲಿ ಇಟ್ಟರೆ ಅದು ಮೂಲರೂಪದಲ್ಲಿಯೇ ಉಳಿಯುತ್ತದೆ. “ಅಂಗಡಿ: ದುರ್ಗದಬೈಲು, ಹುಬ್ಬಳ್ಳಿ” ಎಂದು ಬರೆದಿರುವುದೂ ಇದೇ ಕಾರಣಕ್ಕೆ. ಅದೇ ರೀತಿ, ವಿವರಗಳನ್ನೆಲ್ಲ ಚಿತ್ರದ ಮೇಲೆಯೇ ಕರಪತ್ರದಂತೆ ಅಚ್ಚುಮಾಡಿ ಅಡಿಬರಹವನ್ನು ಖಾಲಿ ಬಿಡುವ ರೂಢಿಯನ್ನೂ ಕೈಬಿಡಬೇಕು. ಹೋಲಿಕೆ ನಡೆಯಬೇಕಾದ ಜಾಗವೇ ಆಗ ಬರಿದಾಗಿರುತ್ತದೆ.

ಅಡಿಬರಹದ ಪದಕ್ಕೆ ಹೊಣೆಗಾರಿಕೆಯೂ ಉಂಟೆಂಬುದನ್ನು ವರ್ತಕರು ಮರೆಯುವುದೇ ಹೆಚ್ಚು. ‘ಕೈಮಗ್ಗ’, ‘ಶುದ್ಧ ರೇಷ್ಮೆ’, ‘ಇಳಕಲ್’ ಇವು ಹೆಚ್ಚು ಹುಡುಕಲ್ಪಡುವ ಪದಗಳೆಂಬ ಕಾರಣಕ್ಕೆ ವಿದ್ಯುತ್ ಮಗ್ಗದ ಸೀರೆಯ ಕೆಳಗೂ ಅವನ್ನು ಬರೆಯುವ ಪ್ರಲೋಭನೆ ದೊಡ್ಡದು. ಇಳಕಲ್ ಸೀರೆಯು 1999ರ ಕಾಯಿದೆಯಡಿ ನೋಂದಾಯಿತವಾದ ಭೌಗೋಳಿಕ ಸೂಚಿ. ಅಧಿಕೃತ ಬಳಕೆದಾರರಿಂದ ಕಾನೂನುಬದ್ಧವಾಗಿ ಕೊಂಡ ನಿಜವಾದ ಸರಕನ್ನು ಆ ಹೆಸರಿನಿಂದ ಮಾರುವುದಕ್ಕೆ ಕಾಯಿದೆ ಅಡ್ಡಿಪಡಿಸುವುದಿಲ್ಲ. ಬೇರೆಡೆ ನೇಯ್ದುದನ್ನು ಆ ಹೆಸರಿನಿಂದ ಮಾರಿದರೆ ಕಾರಾವಾಸ ಹಾಗೂ ದಂಡ ಎರಡಕ್ಕೂ ಅವಕಾಶವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 21ನೆಯ ಪ್ರಕರಣದಂತೆ, ದಾರಿತಪ್ಪಿಸುವ ಜಾಹೀರಾತನ್ನು ನಿಲ್ಲಿಸುವಂತೆ ಅಥವಾ ತಿದ್ದುವಂತೆ ಕೇಂದ್ರೀಯ ಪ್ರಾಧಿಕಾರವು ವರ್ತಕರಿಗೆ ಆದೇಶಿಸಬಹುದು. ತಯಾರಕರ ಮೇಲೆ ಹತ್ತು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಅಂಗಡಿಯ ಖಾತೆಯ ಅಡಿಬರಹವನ್ನು ಜಾಹೀರಾತಲ್ಲವೆಂದು ವಾದಿಸುವುದು ಸುಲಭವಲ್ಲ. ಆದ್ದರಿಂದ ಒಂದು ಪರೀಕ್ಷೆ ಸಾಕು: ಅಡಿಬರಹದಲ್ಲಿರುವ ಸರಕಿನ ವಿವರಣೆಗೆ ಖರೀದಿ ಬಿಲ್ಲಿನಲ್ಲಿ ಆಧಾರವಿದೆಯೇ? ಇಲ್ಲದಿದ್ದರೆ ಆ ಪದ ಬೇಡ. ವಿದ್ಯುತ್ ಮಗ್ಗದ ಸೀರೆಗೆ ‘ದಿನಬಳಕೆಯ ಹತ್ತಿ ಸೀರೆ’ ಎಂಬ ಸತ್ಯವಾದ ಪದವಿದೆ, ಅದನ್ನು ಹುಡುಕುವ ಗ್ರಾಹಕರೂ ಇದ್ದಾರೆ.

ಅಡಿಬರಹಗಳಿಗೆ ಮೊದಲೇ ಖಾತೆಯ ಹೆಸರಿನ ಜಾಗವನ್ನೊಮ್ಮೆ ನೋಡುವುದೊಳ್ಳೆಯದು. ಅಜ್ಜನ ಹೆಸರಿನ ಮೊದಲಕ್ಷರಗಳಷ್ಟೇ ಅಲ್ಲಿದ್ದರೆ ಪಕ್ಕದಲ್ಲಿ ‘Ilkal Sarees, Hubballi’ ಎಂದು ಸೇರಿಸಬಹುದು. ಆದರೆ ಗೂಗಲ್ ನಕ್ಷೆಯ ವ್ಯಾಪಾರ ಪುಟದಲ್ಲಿ ಹೀಗೆ ಮಾಡಕೂಡದು. ಅಲ್ಲಿ ಅಂಗಡಿಯ ನಾಮಫಲಕದಲ್ಲಿರುವ ಹೆಸರನ್ನಷ್ಟೇ ಬರೆಯಬೇಕೆಂಬ ನಿಯಮವಿದ್ದು, ಹೆಚ್ಚಿನ ಪದ ಸೇರಿಸಿದರೆ ಪುಟವೇ ಅಮಾನತಾಗಬಹುದು. 2025ರ ಜುಲೈ 10ರಿಂದ ವೃತ್ತಿಪರ ಖಾತೆಗಳ ಸಾರ್ವಜನಿಕ ಚಿತ್ರಗಳು ಗೂಗಲ್ ಮೊದಲಾದ ಹುಡುಕು ತಾಣಗಳಲ್ಲಿಯೂ ಕಾಣಿಸಿಕೊಳ್ಳಲು ಇನ್‌ಸ್ಟಾಗ್ರಾಮ್ ಅವಕಾಶ ನೀಡಿದೆ. ಖಾತೆ ಇನ್ನೂ ವೈಯಕ್ತಿಕ ವರ್ಗದಲ್ಲಿದ್ದರೆ ಅದನ್ನು ವೃತ್ತಿಪರ ವರ್ಗಕ್ಕೆ ಬದಲಿಸಿಕೊಳ್ಳಲು ಶುಲ್ಕವಿಲ್ಲ.

ಹಳೆಯ ಚಿತ್ರಗಳನ್ನು ಅಳಿಸಿ ಮತ್ತೆ ಹಾಕಬೇಕಾಗಿಲ್ಲ. ಅಡಿಬರಹವನ್ನು ಇದ್ದಲ್ಲಿಯೇ ತಿದ್ದಬಹುದು. ಉತ್ತಮವಾದ ಹತ್ತು ಚಿತ್ರಗಳಿಂದ ಆರಂಭಿಸಿ, ತಿದ್ದಿದ ದಿನಾಂಕ ಮತ್ತು ಬಳಸಿದ ಮುಖ್ಯ ಪದವನ್ನು ಅದೇ ನೋಟ್‌ಬುಕ್ಕಿನಲ್ಲಿ ದಾಖಲಿಸಬೇಕು. ತಿಂಗಳಿಗೊಮ್ಮೆ ಎರಡು ಸಂಗತಿ ನೋಡಿದರೆ ಸಾಕು. ಖಾತೆಯ ಅಂಕಿಅಂಶ ಪುಟದಲ್ಲಿ ಅನುಸರಿಸದವರು ನೋಡಿದ ಪ್ರಮಾಣ ಏರಿದೆಯೇ ಎಂಬುದು ಒಂದು. ಹೊಸ ಗಿರಾಕಿಗೆ ಬಿಲ್ ಬರೆಯುವಾಗ “ನಮ್ಮ ಅಂಗಡಿ ಹೆಂಗ ಗೊತ್ತಾತ್ರಿ?” ಎಂದು ಕೇಳಿದಾಗ ಬರುವ ಉತ್ತರ ಇನ್ನೊಂದು. ಇವೆರಡರಲ್ಲಿ ಎರಡನೆಯದನ್ನೇ ಹೆಚ್ಚು ನಂಬಬೇಕು. ನೋಡಿದವರ ಸಂಖ್ಯೆ ಏರಿ, ದೂರದ ಊರುಗಳಿಂದ ವಿಚಾರಣೆಯೇ ಬಾರದಿದ್ದರೆ, ಆಯ್ದ ಪದ ತೀರಾ ವಿಶಾಲವಾದುದೆಂದು ತಿಳಿಯಬೇಕು. ಬರಿಯ ‘saree’ ಎಂಬ ಪದದಡಿ ದೇಶದ ಎಲ್ಲ ಅಂಗಡಿಗಳೊಂದಿಗೆ ಪೈಪೋಟಿ ಇರುತ್ತದೆ. ‘Green ilkal saree’ ಎಂಬಲ್ಲಿ ಆ ಸಾಲು ಚಿಕ್ಕದು.

ಸೀರೆ ಮಾರಾಟವಾದ ಮೇಲೆ ಅಡಿಬರಹವನ್ನು ಹಾಗೆಯೇ ಬಿಡಬಾರದು. ಚಿತ್ರ ಹುಡುಕಾಟದಲ್ಲಿ ಇನ್ನೂ ಬಹುಕಾಲ ಕಾಣಿಸುವುದರಿಂದ ಮೊದಲ ಸಾಲಿನ ಕೊನೆಯಲ್ಲಿ ‘ಈ ಸೀರೆ ಮಾರಾಟವಾಗಿದೆ, ಇದೇ ದಡಿಯ ಬೇರೆ ಬಣ್ಣಗಳಿವೆ’ ಎಂದು ಸೇರಿಸಿದರೆ, ಬಂದ ವಿಚಾರಣೆಯೂ ಕೈತಪ್ಪುವುದಿಲ್ಲ, ಪುಣೆಯಿಂದ ಫೋನ್ ಮಾಡಿದವರಿಗೆ ಬೇಸರವೂ ಆಗುವುದಿಲ್ಲ.