ಎಲ್ಲಿಗೆ ಹೋಗಬೇಕ್ರಿ? : ದಾರಿ ತಿಳಿಯದ ಅಪರಿಚಿತರೊಡನೆ ಸಂಭಾಷಣೆ

(ಮೌಖಿಕ ಭಾಷೆ – 6, 7, 8ನೆಯ ತರಗತಿ, ಎರಡು ಅವಧಿ)

ಪಾಠದ ಹಿನ್ನೆಲೆ

ಆದವಾನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆಂಧ್ರ ರಾಜ್ಯ ರಚನೆಯಾದಂದು ಅವು ಆ ರಾಜ್ಯಕ್ಕೆ ಸೇರಿದವು. ಗಡಿ ಬದಲಾದರೂ ಜನರ ಓಡಾಟ ನಿಲ್ಲಲಿಲ್ಲ. ಮಂತ್ರಾಲಯದ ರಾಯರ ದರ್ಶನಕ್ಕೆಂದು ಕರ್ನಾಟಕದ ಯಾತ್ರಿಕರು ಇಂದಿಗೂ ಈ ಭಾಗದಲ್ಲಿ ಹಾದುಹೋಗುತ್ತಾರೆ. ಶ್ರಾವಣ ಮಾಸದ ಆರಾಧನೆಯ ದಿನಗಳಲ್ಲಿ ಅವರ ಸಂಖ್ಯೆ ಬಹಳ ಹೆಚ್ಚು. ಅವರಲ್ಲಿ ಅನೇಕರಿಗೆ ತೆಲುಗು ಬಾರದು, ತೆಲುಗು ಲಿಪಿಯನ್ನು ಓದಲಾಗದು.

ಎರಡೂ ಲಿಪಿಗಳು ಒಡಹುಟ್ಟಿದವು. ಆದ್ದರಿಂದ ಕನ್ನಡ ಬಲ್ಲವರು ಬಸ್ಸಿನ ಫಲಕವನ್ನು ಅರ್ಧ ಓದಬಲ್ಲರು. ಆದರೆ ‘ಕ’, ‘ತ’ದಂತಹ ಅಕ್ಷರಗಳ ರೂಪ ತೆಲುಗಿನಲ್ಲಿ ಬೇರೆ. ಅವು ಬಂದೊಡನೆ ಓದು ನಿಲ್ಲುತ್ತದೆ. ಅರ್ಧ ಓದಿ ಊಹಿಸಿದವರು ತಪ್ಪು ಬಸ್ಸು ಹತ್ತುವುದುಂಟು. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಎರಡು ಭಾಷೆಯೂ ಎರಡು ಲಿಪಿಯೂ ತಿಳಿದಿರುವುದರಿಂದ ಇಂತಹ ಹೊತ್ತಿನಲ್ಲಿ ಅವನು ಅಥವಾ ಅವಳು ನಿಜಕ್ಕೂ ನೆರವಾಗಬಲ್ಲರು.

ಇದರೊಂದಿಗೆ ಒಂದು ಅಪಾಯವೂ ಇದೆ. ತೆಲುಗಿನ ನಡುವೆ ಕನ್ನಡದ ಮಾತು ಕಿವಿಗೆ ಬಿದ್ದಾಗ ಮಗುವಿಗೆ ‘ಇವರು ನಮ್ಮವರು’ ಎಂಬ ಭಾವ ತಾನಾಗಿ ಮೂಡುತ್ತದೆ. ಆ ಭಾವವು ಮಾತನಾಡಿಸಲು ಸಾಕು, ಜೊತೆಯಲ್ಲಿ ಹೋಗಲು ಸಾಲದು. ಮಾತೃಭಾಷೆ ಪರಿಚಯಕ್ಕೆ ಬಾಗಿಲು; ನಂಬಿಕೆಗೆ ಪ್ರಮಾಣಪತ್ರವಲ್ಲ. ಈ ಪಾಠದಲ್ಲಿ ಮಕ್ಕಳು ಕಲಿಯಬೇಕಾದ ಮುಖ್ಯಾಂಶ ಇದು.

ಮೊದಲು ಗಮನಿಸುವುದು

ನಿಂತವರೆಲ್ಲ ದಾರಿ ತಪ್ಪಿದವರಲ್ಲ. ಬಸ್ಸಿಗಾಗಿ ಕಾಯುವವರು ಒಂದೆಡೆ ನಿಂತಿರುತ್ತಾರೆ ಅಥವಾ ಕುಳಿತಿರುತ್ತಾರೆ. ದಾರಿ ತಿಳಿಯದವರು ಒಂದು ಬಸ್ಸಿನ ಮುಂದೆ ನಿಂತು ಫಲಕ ನೋಡಿ, ಹಿಂದಿರುಗಿ, ಮತ್ತೊಂದರ ಬಳಿಗೆ ಹೋಗುತ್ತಾರೆ. ಕೈಯಲ್ಲಿರುವ ಚೀಟಿಯನ್ನು ಮತ್ತೆ ಮತ್ತೆ ತೆರೆಯುತ್ತಾರೆ. ಕೇಳಬೇಕೆಂದು ಹತ್ತಿರ ಹೋಗಿ, ಎದುರಿನವರು ತೆಲುಗಿನಲ್ಲಿ ಮಾತನಾಡುವುದನ್ನು ಕೇಳಿ ಸುಮ್ಮನೆ ಹಿಂದೆ ಸರಿಯುತ್ತಾರೆ.

ಮಾತನಾಡಿಸುವ ಮುನ್ನ ವಿದ್ಯಾರ್ಥಿಯು ಮೂರು ಸಂಗತಿಗಳನ್ನು ನೋಡಿಕೊಳ್ಳಬೇಕು. ತನ್ನೊಡನೆ ಒಬ್ಬ ಗೆಳೆಯನಾದರೂ ಗೆಳತಿಯಾದರೂ ಇರಬೇಕು. ಸ್ಥಳವು ಜನ ಓಡಾಡುವ ಬಯಲಾಗಿರಬೇಕು. ಕೂಗಿದರೆ ಕೇಳುವಷ್ಟು ದೂರದಲ್ಲಿ ಕಂಡಕ್ಟರ್, ಅಂಗಡಿಯವರು ಅಥವಾ ಪೊಲೀಸರಂತಹ ಹಿರಿಯರೊಬ್ಬರು ಕಾಣುತ್ತಿರಬೇಕು. ಇವುಗಳಲ್ಲಿ ಒಂದಿಲ್ಲದಿದ್ದರೂ ತಾನೇ ಮಾತನಾಡಿಸದೆ, ಹಿರಿಯರೊಬ್ಬರಿಗೆ ತಿಳಿಸುವುದೇ ಸರಿಯಾದ ನೆರವು.

ಮಾತಿನ ಆರಂಭ

ಎರಡು ಮಾರು ದೂರದಲ್ಲಿ ನಿಂತು, ಕಾಣುವಂತೆ ಕೈಮುಗಿದು, ವಯಸ್ಸಿಗೆ ತಕ್ಕ ಸಂಬಂಧವಾಚಕದಿಂದ ಕರೆಯಬೇಕು: ‘ನಮಸ್ಕಾರ್ರೀ ಅಜ್ಜಾರ’, ‘ನಮಸ್ಕಾರ್ರೀ ಅಮ್ಮಾರ’, ‘ಅಣ್ಣಾರ’, ‘ಅಕ್ಕಾರ’. ಉತ್ತರ ಕನ್ನಡದಲ್ಲಿ ಬಾರದಿದ್ದರೆ ಅದೇ ಮಾತನ್ನು ತೆಲುಗಿನಲ್ಲಿ ಹೇಳಬೇಕು: ‘ನಮಸ್ಕಾರಮಂಡಿ, ಎಕ್ಕಡಿಕಿ ವೆಳ್ಳಾಲಿ?’

ಮೊದಲ ಪ್ರಶ್ನೆಯ ವಿಷಯದಲ್ಲಿ ಶಿಕ್ಷಕರು ವಿಶೇಷ ಗಮನ ಕೊಡಬೇಕು. ‘ದಾರಿ ತಪ್ಪೀರೇನ್ರಿ?’ ಎಂದು ಕೇಳಿದರೆ ಹಿರಿಯರಿಗೆ ಸಂಕೋಚವಾಗಿ, ‘ಇಲ್ಲ, ಇಲ್ಲ’ ಎಂದುಬಿಡುತ್ತಾರೆ. ‘ಮಂತ್ರಾಲಯಕ್ಕೆ ಹೋಗ್ಬೇಕೇನ್ರಿ?’ ಎಂದು ಊರಿನ ಹೆಸರನ್ನು ತಾನೇ ಹೇಳಿ ಕೇಳಿದರೆ, ಗಲಿಬಿಲಿಗೊಂಡವರು ‘ಹೌದು’ ಎನ್ನುತ್ತಾರೆ. ಆ ‘ಹೌದು’ ನಂಬತಕ್ಕದ್ದಲ್ಲ. ‘ಎಲ್ಲಿಗೆ ಹೋಗಬೇಕ್ರಿ?’ ಎಂಬ ಪ್ರಶ್ನೆಯಲ್ಲಿ ಈ ಎರಡು ದೋಷವೂ ಇಲ್ಲ. ಅದು ಅವಮಾನ ಮಾಡುವುದಿಲ್ಲ. ಉತ್ತರವನ್ನು ಬಾಯಿಗೆ ತುರುಕುವುದೂ ಇಲ್ಲ. ಊರಿನ ಹೆಸರು ಅವರ ಬಾಯಿಂದಲೇ ಬರುತ್ತದೆ.

ಮಾದರಿ ಸನ್ನಿವೇಶ

ಸ್ಥಳ: ಆದವಾನಿಯ ಬಸ್ ನಿಲ್ದಾಣ. ಸಮಯ: ಸಂಜೆ ಐದು. ವೃದ್ಧ ದಂಪತಿ ಬಟ್ಟೆಯ ಚೀಲ ಹಿಡಿದು ಒಂದು ಬಸ್ಸಿನಿಂದ ಇನ್ನೊಂದಕ್ಕೆ ನಡೆಯುತ್ತಿದ್ದಾರೆ. ಎಂಟನೆಯ ತರಗತಿಯ ಇಬ್ಬರು ಹುಡುಗಿಯರು ತಮ್ಮ ಊರಿನ ಬಸ್ಸಿಗಾಗಿ ನಿಂತಿದ್ದಾರೆ. ವಿಚಾರಣೆಯ ಕಿಟಕಿ ಎದುರಿಗೇ ಇದೆ.

ಹುಡುಗಿ: ನಮಸ್ಕಾರ್ರೀ ಅಜ್ಜಾರ. ಎಲ್ಲಿಗೆ ಹೋಗಬೇಕ್ರಿ?

ಅಜ್ಜ: ರಾಯರ ಮಠಕ್ಕ ಹೋಗಬೇಕವಾ. ಬೋರ್ಡ್ ಒಂದೂ ತಿಳೀವಲ್ದು. ಯಾರೋ ರೈಲಿಗೆ ಹೋಗ್ರಿ ಅಂದ್ರು.

ಹುಡುಗಿ: ರೈಲಿಗೆ ಹೋದ್ರ ಮಂತ್ರಾಲಯಂ ರೋಡ್ ಸ್ಟೇಷನ್ನಿಗೆ ಇಳೀಬೇಕ್ರಿ. ಮಠ ಅಲ್ಲಿಂದ ಇನ್ನೂ ದೂರ ಐತ್ರಿ. ಬಸ್ಸು ಮಠದ ಊರಿಗೇ ಹೋಗ್ತದ್ರಿ.

ಅಜ್ಜಿ: ಯಾರನ್ನ ಕೇಳೋದವ್ವಾ? ನಮಗ ತೆಲುಗು ಬರಂಗಿಲ್ಲ.

ಹುಡುಗಿ: ಅಲ್ಲಿ ಕಿಟಕಿ ಕಾಣ್ತದಲ್ರಿ, ಅವರನ್ನ ಕೇಳಬೇಕ್ರಿ. ಈ ಚೀಟಿ ತೋರಿಸ್ರಿ, ಅವರೇ ಬಸ್ ತೋರಿಸ್ತಾರ್ರಿ.

ಹುಡುಗಿಯು ನೋಟ್‌ಬುಕ್ಕಿನ ಹಾಳೆಯಲ್ಲಿ ತೆಲುಗು ಲಿಪಿಯಲ್ಲಿ ಒಂದೇ ವಾಕ್ಯ ಬರೆದು ಕೊಡುತ್ತಾಳೆ: ‘ಮಂತ್ರಾಲಯಂ ಬಸ್ಸು ಎಕ್ಕಡ ಆಗುತುಂದಿ?’

ಅಜ್ಜ: ನೀನೂ ಬಾರವಾ, ಬಸ್ ಹತ್ತಿಸಿ ಹೋಗುವಿಯಂತ. ತೊಗೋ, ಬಾಳೆಹಣ್ಣು ತಿನ್ನು.

ಹುಡುಗಿ: ಬ್ಯಾಡ್ರೀ ಅಜ್ಜಾರ, ನಾವು ಇಲ್ಲೇ ನಿಲ್ಲಬೇಕ್ರಿ. ನೀವು ಕಿಟಕಿ ಮುಟ್ಟೂತನಕ ನೋಡ್ತಿರ್ತೀವ್ರಿ.

ಸನ್ನಿವೇಶದ ವಿವೇಚನೆ

ಗುಂತಕಲ್ಲಿನಿಂದ ರಾಯಚೂರಿಗೆ ಹೋಗುವ ರೈಲು ಮಾರ್ಗದಲ್ಲಿ ಆದವಾನಿ, ಕೋಸಿಗಿಗಳನ್ನು ದಾಟಿದ ಮೇಲೆ ‘ಮಂತ್ರಾಲಯಂ ರೋಡ್’ ನಿಲ್ದಾಣ ಬರುತ್ತದೆ. ಹೆಸರಿನಲ್ಲಿ ಮಂತ್ರಾಲಯವಿದ್ದರೂ ಮಠವಿರುವ ಊರು ಅಲ್ಲಿಂದ ಸುಮಾರು 16 ಕಿಲೋಮೀಟರ್ ದೂರ. ರಾತ್ರಿ ಹೊತ್ತು ಅಲ್ಲಿ ಇಳಿದ ವೃದ್ಧರು ಮತ್ತೆ ವಾಹನ ಹುಡುಕಬೇಕಾಗುತ್ತದೆ. ಆದ್ದರಿಂದ ‘ರೈಲು’ ಎಂಬ ಮಾತು ಬಂದೊಡನೆ ಹುಡುಗಿ ಊರನ್ನೂ ನಿಲ್ದಾಣವನ್ನೂ ಬೇರ್ಪಡಿಸಿ ಹೇಳಿದಳು. ಸ್ಥಳೀಯರಿಗೆ ಮಾತ್ರ ಗೊತ್ತಿರುವ ಇಂತಹ ಸಂಗತಿಯೇ ನೆರವಿನ ತಿರುಳು. ತನಗೆ ಖಚಿತವಾಗಿ ಗೊತ್ತಿಲ್ಲದ ಬಸ್ಸಿನ ವೇಳೆಯನ್ನೂ ನಿಲ್ಲುವ ಜಾಗವನ್ನೂ ಅವಳು ಹೇಳಲಿಲ್ಲ. ಹೇಳಬಲ್ಲವರ ಕಡೆಗೆ ಕೈ ತೋರಿಸಿದಳು.

ಚೀಟಿಯ ಉಪಯೋಗ ಎರಡು ಬಗೆಯದು. ಭಾಷೆ ಬಾರದವರು ಅದನ್ನು ಯಾರಿಗೆ ಬೇಕಾದರೂ ತೋರಿಸಿ ಮುಂದೆ ಸಾಗಬಹುದು. ಹುಡುಗಿಯು ಜೊತೆಯಲ್ಲಿ ಹೋಗಬೇಕಾದ ಅಗತ್ಯವನ್ನೂ ಅದು ತಪ್ಪಿಸುತ್ತದೆ. ಚೀಟಿಯಲ್ಲಿ ಬರೆದವಳ ಹೆಸರು, ಶಾಲೆ, ಫೋನ್ ಸಂಖ್ಯೆ ಇರಬಾರದು.

ಅಜ್ಜ ಬಾಳೆಹಣ್ಣು ಕೊಟ್ಟದ್ದು, ‘ಬಾ’ ಎಂದದ್ದು ಸಹಜ ವಾತ್ಸಲ್ಯದಿಂದ. ಆದರೂ ಹುಡುಗಿ ಒಪ್ಪಲಿಲ್ಲ. ‘ಆ ಅಜ್ಜ ಒಳ್ಳೆಯವರಲ್ಲವೇ?’ ಎಂದು ಮಕ್ಕಳು ಇಲ್ಲಿ ಕೇಳುತ್ತಾರೆ. ಒಳ್ಳೆಯವರೋ ಅಲ್ಲವೋ ಎಂದು ಮುಖ ನೋಡಿ ತೀರ್ಮಾನಿಸುವ ಹೊರೆ ಮಗುವಿನ ಮೇಲೆ ಬೀಳಬಾರದು. ಅದಕ್ಕಾಗಿಯೇ ನಿಯಮ ಎಲ್ಲರಿಗೂ ಒಂದೇ. ಜೊತೆಯಲ್ಲಿ ಹೋಗುವುದಿಲ್ಲ, ವಾಹನ ಹತ್ತುವುದಿಲ್ಲ, ತಿನ್ನುವುದಿಲ್ಲ, ಹಣ ಪಡೆಯುವುದಿಲ್ಲ. ಒಳ್ಳೆಯವರು ಇದರಿಂದ ನೊಂದುಕೊಳ್ಳುವುದಿಲ್ಲ. ನಿರಾಕರಿಸಿದ ಮೇಲೂ ಒತ್ತಾಯಿಸುವವರು, ದೊಡ್ಡವರನ್ನು ಕರೆಯಬೇಡವೆನ್ನುವವರು, ‘ಯಾರಿಗೂ ಹೇಳಬೇಡ’ ಎನ್ನುವವರು ಕಂಡರೆ ಮಾತು ಮುಗಿಯಿತೆಂದೇ ತಿಳಿದು, ಗಟ್ಟಿಯಾಗಿ ಕೂಗಿ ಜನರಿರುವ ಕಡೆಗೆ ಸರಿಯಬೇಕು. ದಾರಿ ಬೇಕಾದ ದೊಡ್ಡವರಿಗೆ ದಾರಿ ತೋರಿಸಲು ದೊಡ್ಡವರೇ ಸಾಕು. ಮಗುವೇ ಬೇಕೆಂದು ಹಟ ಹಿಡಿಯಲು ಕಾರಣವಿಲ್ಲ.

ಚೀಟಿ ಸಾಲದ ಸಂದರ್ಭ

ಕೆಲವು ವೃದ್ಧರು ‘ಎಲ್ಲಿಗೆ’ ಎಂಬ ಪ್ರಶ್ನೆಗೆ ಉತ್ತರಿಸಲಾರರು. ಅದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಾರೆ. ಎಲ್ಲಿಂದ ಬಂದೆವೆಂಬುದೂ ನೆನಪಿರುವುದಿಲ್ಲ. ಎಂದೋ ತೀರಿಹೋದವರು ಕರೆದೊಯ್ಯಲು ಬರುತ್ತಾರೆಂದು ಹೇಳುತ್ತಾರೆ. ಇದು ದಾರಿ ತಪ್ಪಿದ್ದಲ್ಲ, ಮರೆವಿನ ಕಾಯಿಲೆಯಾಗಿರಬಹುದು. ಅವರೊಡನೆ ವಾದಿಸಬಾರದು, ದಾರಿ ಹೇಳಿ ಕಳುಹಿಸಲೂಬಾರದು. ಗೆಳತಿಯರಲ್ಲಿ ಒಬ್ಬಳು ಕಣ್ಣಿಗೆ ಕಾಣುವಂತೆ ದೂರದಲ್ಲಿ ನಿಂತು, ಇನ್ನೊಬ್ಬಳು ಹತ್ತಿರದ ಹಿರಿಯರನ್ನು ಕರೆತರಬೇಕು. ಆ ಹಿರಿಯರು 112ಕ್ಕೆ ಕರೆ ಮಾಡಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567. ಒಂಟಿಯಾಗಿ ಅಳುತ್ತಿರುವ ಪುಟ್ಟ ಮಗು ಕಂಡರೆ ಸಹಾಯವಾಣಿ 1098. ಅಂತಹ ಮಗುವನ್ನು ಹುಡುಕಲು ಬರುವವರು ಮೊದಲು ಅಲ್ಲಿಗೇ ಬರುತ್ತಾರಾದ್ದರಿಂದ ವಿದ್ಯಾರ್ಥಿಗಳು ಅದನ್ನು ಬೇರೆಡೆಗೆ ಕರೆದೊಯ್ಯಬಾರದು.

ತರಗತಿಯ ಚಟುವಟಿಕೆ

ಮೊದಲ ಅವಧಿಯಲ್ಲಿ ಮೇಲಿನ ಸಂಭಾಷಣೆಯನ್ನು ಅಭಿನಯಿಸಿ, ಪ್ರತಿ ವಿದ್ಯಾರ್ಥಿಯಿಂದ ಚೀಟಿಯ ವಾಕ್ಯವನ್ನು ಎರಡೂ ಲಿಪಿಗಳಲ್ಲಿ ಬರೆಸಬೇಕು. ಎರಡನೆಯ ಅವಧಿಯಲ್ಲಿ ಅಪರಿಚಿತರ ಪಾತ್ರವನ್ನು ಶಿಕ್ಷಕರೇ ವಹಿಸಬೇಕು. ಒಮ್ಮೆ ಎಮ್ಮಿಗನೂರಿಗೆ ಹೋಗಬೇಕಾದ ತಾಯಿಯಾಗಿ, ಒಮ್ಮೆ ಊರಿನ ಹೆಸರನ್ನೇ ಮರೆತ ಅಜ್ಜನಾಗಿ, ಒಮ್ಮೆ ಅಚ್ಚಗನ್ನಡದಲ್ಲಿ ಪ್ರೀತಿಯಿಂದ ಮಾತನಾಡುತ್ತ ‘ಆಟೋ ತನಕ ಬಾ’ ಎಂದು ಕರೆಯುವವರಾಗಿ ಬರಬೇಕು. ಯಾವ ಪಾತ್ರ ಯಾವಾಗ ಬರುವುದೆಂದು ಮುಂಚಿತವಾಗಿ ತಿಳಿಸಬಾರದು.

ಮಕ್ಕಳು ಎಡವುವುದು ಸಾಮಾನ್ಯವಾಗಿ ಮೂರನೆಯ ಪಾತ್ರದಲ್ಲಿ. ‘ಇಲ್ಲ’ ಎನ್ನಲು ನಾಲಿಗೆ ಹೊರಳದೆ ಒಂದೆರಡು ಹೆಜ್ಜೆ ಮುಂದಿಡುತ್ತಾರೆ. ಅಲ್ಲಿ ಅಭಿನಯವನ್ನು ನಿಲ್ಲಿಸಿ, ‘ಬರಂಗಿಲ್ರಿ, ಕಂಡಕ್ಟರ್ ಅವರನ್ನ ಕೇಳ್ರಿ’ ಎಂಬ ವಾಕ್ಯವನ್ನು ಗಟ್ಟಿ ದನಿಯಲ್ಲಿ ಹಲವು ಸಲ ಹೇಳಿಸಬೇಕು. ಗೌರವದ ‘ರಿ’ ಇರುವಾಗಲೂ ನಿರಾಕರಣೆ ಸ್ಪಷ್ಟವಾಗಿರಬಹುದೆಂಬುದು ಆಗ ಅವರಿಗೆ ಮನದಟ್ಟಾಗುತ್ತದೆ.

ಮೌಲ್ಯಮಾಪನ

ಅಭಿನಯವನ್ನು ನೋಡುತ್ತ ಶಿಕ್ಷಕರು ನಾಲ್ಕು ಅಂಶಗಳನ್ನು ಗುರುತಿಸಿಕೊಳ್ಳಬೇಕು: ವಯಸ್ಸಿಗೆ ತಕ್ಕ ಸಂಬೋಧನೆ ಬಳಸಿದರೇ, ಊರಿನ ಹೆಸರನ್ನು ತಾವೇ ಹೇಳದೆ ಕೇಳಿದರೇ, ಮಾತಿನುದ್ದಕ್ಕೂ ಅಂತರ ಕಾಯ್ದುಕೊಂಡರೇ, ಕೊನೆಯಲ್ಲಿ ಹಿರಿಯರೊಬ್ಬರ ಕೈಗೆ ವಿಷಯವನ್ನು ಒಪ್ಪಿಸಿದರೇ. ಭಾಷಾಶುದ್ಧಿಗೆ ಇಲ್ಲಿ ಅಂಕ ಕಳೆಯಬಾರದು. ಊರಿನ ಆಡುಮಾತಿನಲ್ಲಿಯೇ ಸಂಭಾಷಣೆ ನಡೆಯಲಿ. ನಿಲ್ದಾಣದಲ್ಲಿ ಎದುರಾಗುವ ಅಜ್ಜನಿಗೆ ತಿಳಿಯುವುದೂ ಆ ಮಾತೇ.